ಬ್ಯಾರಲ್ ಎಷ್ಟು ಲೀಟರಿನದು? ಫೋನ್-ಇನ್ ಕಾರ್ಯಕ್ರಮದ ಸಾರ ಬರೆಯುವ ಬಗೆ

ಜೂನ್ ಹತ್ತಿರ ಬಂತೆಂದರೆ ಭದ್ರಾವತಿ, ಮಂಗಳೂರು, ಕಾರವಾರದಂಥ ಆಕಾಶವಾಣಿ ಕೇಂದ್ರಗಳ ಕೃಷಿ ಫೋನ್-ಇನ್ ಕಾರ್ಯಕ್ರಮಗಳಿಗೆ ಅಡಿಕೆ ಬೆಳೆಗಾರರ ಕರೆ ಹೆಚ್ಚುತ್ತದೆ. ಕೊಳೆರೋಗಕ್ಕೆ ಔಷಧಿ ಹೊಡೆಯುವ ಕಾಲ ಅದು. ಸ್ಟುಡಿಯೋದಲ್ಲಿ ಒಬ್ಬ ತೋಟಗಾರಿಕೆ ತಜ್ಞರು, ಪಕ್ಕದಲ್ಲಿ ಕಾರ್ಯಕ್ರಮ ನಡೆಸಿಕೊಡುವವರು, ದೂರವಾಣಿಯಲ್ಲಿ ಒಬ್ಬರಾದ ಮೇಲೊಬ್ಬ ರೈತರು. ಅರ್ಧ ಗಂಟೆಯಲ್ಲಿ ಏಳೆಂಟು ಕರೆ ಮುಗಿಯುತ್ತದೆ.

ಆಮೇಲೆ ಉಳಿಯುವುದು ಒಂದು ಧ್ವನಿಮುದ್ರಣ. ಅದರಲ್ಲಿ ಬೇಕಾದ ಮಾತು ಎಲ್ಲಿದೆ ಎಂದು ಹುಡುಕುವುದು ಕಷ್ಟ. ಗೊಬ್ಬರದ ಪ್ರಮಾಣ ತಿಳಿಯಬೇಕಾದವನು ಕೊಳೆರೋಗದ ಮಾತನ್ನೆಲ್ಲ ಕೇಳುತ್ತ ಕೂರಬೇಕು. ಆದ್ದರಿಂದಲೇ ಇಂಥ ಕಾರ್ಯಕ್ರಮವನ್ನು ಒಂದೆರಡು ಪುಟಕ್ಕೆ ಇಳಿಸಿ, ರೈತ ಸಂಪರ್ಕ ಕೇಂದ್ರದ ಗೋಡೆಗೋ ಸೊಸೈಟಿಯ ಫಲಕಕ್ಕೋ ಊರಿನ ವಾಟ್ಸಾಪ್ ಗುಂಪಿಗೋ ಹಾಕುವ ಕೆಲಸಕ್ಕೆ ಬೆಲೆಯಿದೆ. ಯಾವ ವಿಷಯ ಬಂತು, ಕರೆ ಮಾಡಿದವರು ಏನು ಕೇಳಿದರು, ತಜ್ಞರು ಏನು ಹೇಳಿದರು, ಇಷ್ಟನ್ನು ಬರೆದರೆ ಮುಗಿಯಿತಲ್ಲ ಎಂದು ಮೊದಲಿಗೆ ಅನ್ನಿಸುತ್ತದೆ. ಬರೆಯಲು ಕೂತವರಿಗೆ ಮಾತ್ರ ಮೊದಲ ಕರೆಯಲ್ಲೇ ತೊಡಕು ಕಾಣುತ್ತದೆ.

ಅಡಿಕೆಯ ಒಂದು ಫೋನ್-ಇನ್ ಕಾರ್ಯಕ್ರಮವನ್ನು ಉದಾಹರಣೆಯಾಗಿ ಕಟ್ಟಿಕೊಂಡು ಈ ಕೆಲಸವನ್ನು ಹಂತ ಹಂತವಾಗಿ ನೋಡೋಣ. ಕರೆಗಳು ಕಲ್ಪಿತ, ಉತ್ತರಗಳಲ್ಲಿರುವ ಕೃಷಿ ಶಿಫಾರಸು ಬಳಕೆಯಲ್ಲಿರುವಂಥದ್ದೇ.

ಕೇಳಿದ್ದು ಒಂದು, ಬೇಕಾದದ್ದು ಇನ್ನೊಂದು

ಮೊದಲ ಕರೆ ಹೀಗೆ ಸಾಗುತ್ತದೆ ಎಂದಿಟ್ಟುಕೊಳ್ಳಿ.

"ನಮಸ್ಕಾರ ಸಾರ್, ತೀರ್ಥಹಳ್ಳಿ ಕಡೆಯಿಂದ ಮಾತಾಡ್ತಿರೋದು. ಹೋದ ವರ್ಷ ಬೋರ್ಡೋ ಹೊಡೆಸಿದ್ರೂ ಕೊಳೆ ಬಂತು ಸಾರ್. ಅರ್ಧಕ್ಕರ್ಧ ಅಡಿಕೆ ಉದುರ್ತು. ಈ ಸಲ ಬೋರ್ಡೋ ಬಿಟ್ಟು ಬೇರೆ ಯಾವ್ದಾದ್ರೂ ಔಷಧಿ ಹೇಳಿ ಸಾರ್."

"ಮೊದಲನೇ ಔಷಧಿ ಯಾವಾಗ ಹೊಡೆಸಿದ್ರಿ?"

"ಕೊನೆಗೌಡ ಸಿಗ್ಲಿಲ್ಲ ಸಾರ್. ಜುಲೈ ಎರಡನೇ ವಾರ ಆಗೋಯ್ತು."

"ತುತ್ತ, ಸುಣ್ಣ ಎಷ್ಟೆಷ್ಟು ಹಾಕಿದ್ರಿ?"

"ಒಂದು ಬ್ಯಾರಲ್‌ಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಎಲ್ಲರೂ ಹೇಳೋ ಲೆಕ್ಕಾನೇ."

"ಬ್ಯಾರಲ್ ಎಷ್ಟು ಲೀಟರಿನದು?"

"ಇನ್ನೂರು."

"ಇನ್ನೂರು ಲೀಟರ್. ಹಾಗಾದ್ರೆ ನಿಮ್ಮ ಔಷಧಿ ಅರ್ಧ ಶಕ್ತಿದು ಆಯ್ತು ನೋಡಿ. ನೂರು ಲೀಟರಿಗೆ ಒಂದೊಂದು ಕೆಜಿ. ಇನ್ನೂರು ಲೀಟರಿಗೆ ಎರಡೆರಡು ಕೆಜಿ ಬೇಕು. ಜೊತೆಗೆ ಮಳೆ ಹಿಡಿಯೋ ಮುಂಚೆ ಹೊಡೆಯಬೇಕಾದ್ದು ಒಂದೂವರೆ ತಿಂಗಳು ತಡ ಆಗಿದೆ. ಔಷಧಿ ಬದಲು ಮಾಡೋದು ಬೇಡ, ಇದನ್ನೇ ಸರಿಯಾಗಿ ಮಾಡಿ."

ಅವಸರದಲ್ಲಿ ಬರೆಯುವವರ ಕೈಯಲ್ಲಿ ಇದು ಹೀಗಾಗುತ್ತದೆ: "ಪ್ರಶ್ನೆ: ಕೊಳೆರೋಗಕ್ಕೆ ಯಾವ ಔಷಧಿ? ಉತ್ತರ: ಬೋರ್ಡೋ ದ್ರಾವಣ ಸಿಂಪಡಿಸಿ." ಇದರಲ್ಲಿ ಸುಳ್ಳಿಲ್ಲ, ಆದರೆ ಉಪಯೋಗವೂ ಇಲ್ಲ. ಕೊಳೆರೋಗಕ್ಕೆ ಬೋರ್ಡೋ ಎನ್ನುವುದು ಮಲೆನಾಡಿಗೆ ಹೊಸ ಸುದ್ದಿಯಲ್ಲ. ಮೈಸೂರು ಸಂಸ್ಥಾನದ ಸಸ್ಯರೋಗ ತಜ್ಞರಾಗಿದ್ದ ಲೆಸ್ಲಿ ಕೋಲ್ಮನ್ ಈ ರೋಗದ ಕುರಿತ ತಮ್ಮ ಅಧ್ಯಯನವನ್ನು 1910ರಲ್ಲಿ ಪ್ರಕಟಿಸಿದರು. ಗೊನೆಗೆ ಬೋರ್ಡೋ ಹೊಡೆಯುವ ಪದ್ಧತಿ ಇಲ್ಲಿ ಹರಡಿದ್ದು ಅವರ ಕೆಲಸದಿಂದ. ನೂರು ವರ್ಷ ಕಳೆದರೂ ಅದೇ ರೋಗ, ಅದೇ ಔಷಧಿಯ ಬಗ್ಗೆ ಕರೆ ಬರುತ್ತಲೇ ಇದೆ. ಔಷಧಿಯ ಹೆಸರು ತಿಳಿಯದೆ ಯಾರೂ ಕರೆ ಮಾಡುವುದಿಲ್ಲ. ತೋಟದಲ್ಲಿ ಅದನ್ನು ಮಾಡುವಾಗ ಎಲ್ಲೋ ತಪ್ಪುವುದರಿಂದ ಮಾಡುತ್ತಾರೆ.

ಹಾಗಾಗಿ ಈ ಕರೆಯಲ್ಲಿ ಎರಡು ಪ್ರಶ್ನೆಗಳಿವೆ. ಬಾಯಿಬಿಟ್ಟು ಕೇಳಿದ್ದು ಬೇರೆ ಔಷಧಿ ಇದೆಯೇ ಎಂದು. ಅದರ ಕೆಳಗಿರುವುದು ಹೊಡೆದರೂ ರೋಗ ಏಕೆ ಬಂತು ಎಂಬುದು. ತಜ್ಞರು ಉತ್ತರಿಸಿದ್ದು ಎರಡನೆಯದಕ್ಕೆ. ಸಾರದಲ್ಲಿ ಮೊದಲನೆಯದನ್ನಷ್ಟೇ ಇಟ್ಟು ಎರಡನೆಯದರ ಉತ್ತರ ಬರೆದರೆ ಓದುಗರಿಗೆ ಪ್ರಶ್ನೆಯೂ ಉತ್ತರವೂ ಒಂದಕ್ಕೊಂದು ಸೇರದಂತೆ ಕಾಣುತ್ತದೆ. ಎರಡನ್ನೂ ಬರೆಯಬೇಕು.

ಇನ್ನೂ ಮುಖ್ಯವಾದದ್ದು ನಡುವಿನ ಮರುಪ್ರಶ್ನೆಗಳು. ಯಾವಾಗ ಹೊಡೆಸಿದಿರಿ, ಎಷ್ಟು ಹಾಕಿದಿರಿ, ಬ್ಯಾರಲ್ ಎಷ್ಟು ಲೀಟರಿನದು ಎಂಬ ಮೂರು ಮಾತನ್ನು ಸಾರ ಬರೆಯುವವರು ಸಂಭಾಷಣೆಯ ತುಂಬುಮಾತು ಎಂದುಕೊಂಡು ಬಿಡುವುದು ಹೆಚ್ಚು. ನಿಜದಲ್ಲಿ ತಜ್ಞರು ತಮ್ಮ ವಿದ್ಯೆಯನ್ನು ಖರ್ಚು ಮಾಡಿದ್ದೇ ಅಲ್ಲಿ. ಉತ್ತರ ಯಾವ ಸ್ಥಿತಿಗೆ ಹೊಂದುತ್ತದೆ ಎಂಬುದನ್ನು ಆ ಪ್ರಶ್ನೆಗಳು ತೀರ್ಮಾನಿಸುತ್ತವೆ. ಅವನ್ನು ಉಳಿಸಿಕೊಂಡರೆ ಸಾರ ಹೀಗಾಗುತ್ತದೆ:

*ವಿಷಯ: ಕೊಳೆರೋಗ, ಬೋರ್ಡೋ ಹೊಡೆದರೂ ತಡೆಯಲಾಗದಿದ್ದುದು.*
*ಪ್ರಶ್ನೆ: ಹೋದ ವರ್ಷ ಬೋರ್ಡೋ ಕೆಲಸ ಮಾಡಲಿಲ್ಲ. ಬೇರೆ ಔಷಧಿಗೆ ಹೋಗಬೇಕೇ?*
*ಕರೆ ಮಾಡಿದವರ ಸ್ಥಿತಿ: ಮೊದಲ ಸಿಂಪಡಣೆ ಜುಲೈ ಎರಡನೇ ವಾರ. 200 ಲೀಟರ್ ಬ್ಯಾರಲ್‌ಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ.*
*ಉತ್ತರ: ಔಷಧಿ ಬದಲಿಸಬೇಕಿಲ್ಲ. ತಪ್ಪು ಎರಡು ಕಡೆ ಆಗಿದೆ. ದ್ರಾವಣ ಅರ್ಧ ಶಕ್ತಿಯದಾಗಿತ್ತು (100 ಲೀಟರಿಗೆ 1 ಕೆಜಿ ತುತ್ತ, 1 ಕೆಜಿ ಸುಣ್ಣ ಬೇಕು, 200 ಲೀಟರಿಗೆ 2 ಕೆಜಿ, 2 ಕೆಜಿ). ಮೊದಲ ಸಿಂಪಡಣೆ ಮಳೆ ಹಿಡಿಯುವ ಮೊದಲೇ ಆಗಬೇಕಿತ್ತು.*

"ಕರೆ ಮಾಡಿದವರ ಸ್ಥಿತಿ" ಎಂಬ ಆ ಒಂದು ಸಾಲು ವಿಷಯ, ಪ್ರಶ್ನೆ, ಉತ್ತರ ಎಂಬ ಮಾಮೂಲಿ ಮೂರು ಅಂಕಣಗಳಲ್ಲಿ ಇರುವುದಿಲ್ಲ. ಅದನ್ನು ಸೇರಿಸಿದರೆ, ಓದುವ ರೈತ ತನ್ನ ತೋಟದ ಬ್ಯಾರಲ್ ನೆನೆಸಿಕೊಂಡು ಇದು ತನಗೂ ಅನ್ವಯಿಸುತ್ತದೋ ಇಲ್ಲವೋ ಎಂದು ತಾನೇ ನೋಡಿಕೊಳ್ಳಬಲ್ಲ.

ಮೂರು ಸಲ ಕೇಳುವುದು

ಧ್ವನಿಮುದ್ರಣವನ್ನು ಅಕ್ಷರಶಃ ಬರೆದುಕೊಂಡು ಆಮೇಲೆ ಕಡಿಮೆ ಮಾಡುವುದು ಒಂದು ದಾರಿ. ಅರ್ಧ ಗಂಟೆಯ ಮಾತಿಗೆ ಅದು ಎರಡು ಮೂರು ಗಂಟೆಯ ಕೆಲಸ. ಅಷ್ಟು ಪುರುಸೊತ್ತಿಲ್ಲದವರು ಮೂರು ಸಲ ಕೇಳಿದರೆ ಸಾಕು, ಆದರೆ ಪ್ರತಿ ಸಲವೂ ಬೇರೆ ಬೇರೆಯದಕ್ಕೆ ಕಿವಿಗೊಡಬೇಕು.

ಮೊದಲ ಸಲ ಎಲ್ಲೂ ನಿಲ್ಲಿಸದೆ ಕೊನೆಯವರೆಗೆ ಕೇಳಬೇಕು. ಪ್ರತಿ ಕರೆ ಯಾವ ನಿಮಿಷಕ್ಕೆ ಶುರುವಾಯಿತು, ಯಾವ ವಿಷಯದ್ದು ಎಂದಷ್ಟೇ ಗುರುತು ಹಾಕಿಕೊಳ್ಳಬೇಕು. ನಮ್ಮ ಉದಾಹರಣೆಯ ಕಾರ್ಯಕ್ರಮದ ಗುರುತು ಹೀಗಿದೆ:

02:10 ಕರೆ 1: ಕೊಳೆ, ಬೇರೆ ಔಷಧಿ?
06:05 ಕರೆ 2: ಮರದ ಎಲೆ ಹಳದಿ
10:20 ಕರೆ 3: ಗೊಬ್ಬರ, ಎಳೆ ಸಸಿ
13:30 ಕರೆ 4: ಔಷಧಿ ಹೊಡೆದ ಮೇಲೆ ಮಳೆ
17:00 ಕರೆ 5: ಗೊಬ್ಬರ, ಫಸಲಿನ ಮರ
20:40 ಕರೆ 6: ಹಿಂಗಾರ ಒಣಗುವುದು, ಕರೆ ಕಟ್
22:00 ಕರೆ 7: ಬೆಳೆ ವಿಮೆ
25:15 ತಜ್ಞರ ಕೊನೆಯ ಮಾತು

ಬರೆಯಲು ಕೂರುವ ಮೊದಲು ಕೊನೆಯವರೆಗೆ ಕೇಳಲೇಬೇಕಾದ ಕಾರಣ ಆ ಕೊನೆಯ ಸಾಲಿನಲ್ಲಿದೆ. ನೇರ ಪ್ರಸಾರದಲ್ಲಿ ಮಾತಾಡುವ ತಜ್ಞರಿಗೆ ಬಿಟ್ಟುಹೋದದ್ದು ಆಮೇಲೆ ನೆನಪಾಗುತ್ತದೆ. ನಮ್ಮ ತಜ್ಞರು 25ನೇ ನಿಮಿಷಕ್ಕೆ ಹೀಗೆನ್ನುತ್ತಾರೆ: "ಮೊದಲು ತೀರ್ಥಹಳ್ಳಿಯಿಂದ ಕರೆ ಮಾಡಿದ್ರಲ್ಲ, ಅವರಿಗೆ ಒಂದು ಮಾತು ಹೇಳೋದು ಬಿಟ್ಟೆ. ತುತ್ತದ ನೀರನ್ನ ಸುಣ್ಣದ ನೀರಿಗೆ ಹಾಕಬೇಕು, ಸುಣ್ಣದ ನೀರನ್ನ ತುತ್ತಕ್ಕೆ ಹಾಕಬಾರದು. ಆಮೇಲೆ ಹೊಳಪಿರೋ ಕತ್ತಿಯನ್ನ ಒಂದು ನಿಮಿಷ ಅದ್ದಿ ನೋಡಿ. ಕತ್ತಿ ಮೇಲೆ ಕೆಂಪು ತಾಮ್ರದ ಬಣ್ಣ ಕೂತ್ರೆ ಸುಣ್ಣ ಸಾಲದು ಅಂತ." ಮೊದಲ ಕರೆಯ ಸಾರವನ್ನು ಆಗಲೇ ಬರೆದು ಮುಗಿಸಿದವರ ಹಾಳೆಯಲ್ಲಿ ಈ ಮಾತು ಕಾರ್ಯಕ್ರಮದ ಬಾಲಂಗೋಚಿಯಾಗಿ ಎಲ್ಲೋ ಕೊನೆಗೆ ಸೇರುತ್ತದೆ, ಇಲ್ಲವೆ ಬಿಟ್ಟೇಹೋಗುತ್ತದೆ. ಅದರ ಜಾಗ ಮೊದಲ ಉತ್ತರದ ಒಳಗೆ.

ಎರಡನೇ ಸಲ ಒಂದೊಂದು ಕರೆಯನ್ನೂ ನಿಲ್ಲಿಸಿ ನಿಲ್ಲಿಸಿ ಕೇಳಿ, ಪ್ರಶ್ನೆ, ಸ್ಥಿತಿ, ಉತ್ತರ ಎಂದು ಬರೆದುಕೊಳ್ಳಬೇಕು. ನಮಸ್ಕಾರ, ಕಾರ್ಯಕ್ರಮ ಚೆನ್ನಾಗಿದೆ ಎಂಬ ಹೊಗಳಿಕೆ, "ಸ್ವಲ್ಪ ರೇಡಿಯೋ ಸೌಂಡ್ ಕಡಿಮೆ ಮಾಡಿ" ಎಂಬ ಕೋರಿಕೆ ಎಲ್ಲ ಇಲ್ಲೇ ಉದುರಿಹೋಗುತ್ತವೆ. ಉದುರಿಸಬಾರದ್ದು ತಜ್ಞರ "ಸಾಮಾನ್ಯವಾಗಿ", "ಬಹುಶಃ", "ಮಣ್ಣು ನೋಡದೆ ಹೇಳೋದು ಕಷ್ಟ" ಎಂಬ ಮಾತುಗಳನ್ನು. ಅವು ಉತ್ತರ ಎಷ್ಟು ಗಟ್ಟಿ ಎಂಬುದರ ಅಳತೆ.

ಮೂರನೇ ಸಲ ಕೇಳುವುದು ಅಂಕಿಗಳಿಗೆ ಮಾತ್ರ. ಬರೆದ ಹಾಳೆಯಲ್ಲಿ ಅಂಕಿ ಇರುವ ಕಡೆಯೆಲ್ಲ ಧ್ವನಿಮುದ್ರಣದ ಆ ಜಾಗಕ್ಕೆ ಹಿಂದೆ ಹೋಗಿ ತಾಳೆ ನೋಡಬೇಕು. ಫೋನ್-ಇನ್ ಕಾರ್ಯಕ್ರಮಕ್ಕೆ ಈ ಎಚ್ಚರ ಬೇರೆ ಕಾರ್ಯಕ್ರಮಗಳಿಗಿಂತ ಹೆಚ್ಚು ಬೇಕು. ತಜ್ಞರು ಸ್ಟುಡಿಯೋದ ಒಳ್ಳೆಯ ಮೈಕಿನ ಮುಂದೆ ಮಾತಾಡುತ್ತಾರೆ. ಕರೆ ಮಾಡಿದವರ ದನಿ ಬರುವುದು ದೂರವಾಣಿಯಲ್ಲಿ. ಸಾಧಾರಣ ದೂರವಾಣಿ ಮಾರ್ಗ ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಧ್ವನಿಯನ್ನಷ್ಟೇ ದಾಟಿಸುತ್ತದೆ. ಸ್ವರಗಳು ಚೆನ್ನಾಗಿ ಕೇಳುತ್ತವೆ, ಮೇಲಿನ ಪಟ್ಟಿಯಲ್ಲಿರುವ ವ್ಯಂಜನಗಳ ಅಂಚು ಸವೆದುಹೋಗುತ್ತದೆ. ಅದಕ್ಕೆ ಮಳೆ, ಗಾಳಿ, ಸರಿಯಾಗಿ ಸಿಗದ ನೆಟ್‌ವರ್ಕ್ ಸೇರಿದರೆ ಮಾತಿನ ಮೊದಲ ಅಕ್ಷರವೇ ನುಂಗಿಹೋಗುತ್ತದೆ. ಕನ್ನಡದಲ್ಲಿ ಇನ್ನೂರು, ಮುನ್ನೂರು, ಐನೂರು ಎನ್ನುವಾಗ ವ್ಯತ್ಯಾಸವಿರುವುದು ಮೊದಲ ಅಕ್ಷರದಲ್ಲೇ. ಎಂಬತ್ತು, ತೊಂಬತ್ತು ಕೂಡ ಹಾಗೇ. ಕೊನೆಯ ಭಾಗ ಸ್ಪಷ್ಟವಾಗಿ ಕೇಳುವುದರಿಂದ ಸರಿಯಾಗಿಯೇ ಕೇಳಿಸಿತು ಎಂಬ ಭ್ರಮೆ ಹುಟ್ಟುತ್ತದೆ.

ಇದಕ್ಕೆ ಧ್ವನಿಮುದ್ರಣದೊಳಗೇ ಒಂದು ಪರಿಹಾರವಿದೆ. ನುರಿತ ತಜ್ಞರು, ನಿರೂಪಕರು ಕರೆ ಮಾಡಿದವರು ಹೇಳಿದ ಅಂಕಿಯನ್ನು ತಾವೊಮ್ಮೆ ಹೇಳುತ್ತಾರೆ. ಮೊದಲ ಕರೆಯಲ್ಲಿ "ಇನ್ನೂರು ಲೀಟರ್. ಹಾಗಾದ್ರೆ..." ಎಂದರಲ್ಲ, ಅದು ಸ್ಟುಡಿಯೋ ಮೈಕಿನಿಂದ ಬಂದ ಮಾತು. ಕರೆಯ ಅಂಕಿ ಮಸುಕಾಗಿದ್ದರೆ ಈ ಮರುನುಡಿಯನ್ನು ಹುಡುಕಬೇಕು. ಅದೂ ಸಿಗದಿದ್ದರೆ ಉತ್ತರದ ಲೆಕ್ಕದಿಂದ ಹಿಂದಕ್ಕೆ ಬರಬಹುದು. ಎರಡೆರಡು ಕೆಜಿ ಬೇಕು ಎಂದಿದ್ದರೆ ಬ್ಯಾರಲ್ 200 ಲೀಟರಿನದೇ ಆಗಿರಬೇಕು, ಮುನ್ನೂರರದ್ದಲ್ಲ. ಯಾವ ದಾರಿಯೂ ಇಲ್ಲದಿದ್ದರೆ ಆ ಅಂಕಿಯ ಜಾಗದಲ್ಲಿ "ಸ್ಪಷ್ಟವಾಗಿ ಕೇಳಿಸಲಿಲ್ಲ" ಎಂದು ಬರೆಯುವುದೇ ಸರಿ. ಊಹಿಸಿ ತುಂಬಿದ ಅಂಕಿಗೂ ಕೇಳಿ ಬರೆದ ಅಂಕಿಗೂ ಹಾಳೆಯ ಮೇಲೆ ವ್ಯತ್ಯಾಸ ಕಾಣುವುದಿಲ್ಲ.

ಒಂದೇ ವಿಷಯ, ಎರಡು ಉತ್ತರ

ಕರೆಗಳನ್ನು ಬಂದ ಕ್ರಮದಲ್ಲೇ ಇಟ್ಟರೆ ಓದುವವರಿಗೆ ಕಷ್ಟ. ಕೊಳೆರೋಗದ ಮಾತು 1, 4ನೇ ಕರೆಗಳಲ್ಲಿ ಮತ್ತು ಕೊನೆಯ ಮಾತಿನಲ್ಲಿ ಹರಡಿದೆ. ಗೊಬ್ಬರದ್ದು 3 ಮತ್ತು 5ರಲ್ಲಿ. ವಿಷಯದ ಪ್ರಕಾರ ಒಟ್ಟುಗೂಡಿಸುವುದು ಸಾರ ಬರೆಯುವವರ ಮುಂದಿನ ಕೆಲಸ. ಇಲ್ಲಿ ತೀರ್ಮಾನಿಸಬೇಕಾದದ್ದು ಒಂದೇ: ಎರಡು ಕರೆಗಳನ್ನು ಒಂದೇ ತಲೆಬರಹದ ಕೆಳಗೆ ಇಡುವುದೋ, ಒಂದೇ ಉತ್ತರವಾಗಿ ಕರಗಿಸಿಬಿಡುವುದೋ?

ನಾಲ್ಕನೇ ಕರೆಯವರು ಕೇಳುವುದು, ಔಷಧಿ ಹೊಡೆದ ಅರ್ಧ ಗಂಟೆಗೆ ಮಳೆ ಬಂತು, ಮತ್ತೆ ಹೊಡೆಸಬೇಕೇ ಎಂದು. ತಜ್ಞರ ಉತ್ತರ: ಗೊನೆಯ ಮೇಲೆ ಔಷಧಿ ಒಣಗಿ ಕೂತಮೇಲೆ ಮಳೆ ಬಂದರೆ ಚಿಂತೆಯಿಲ್ಲ, ಒಣಗುವ ಮೊದಲೇ ತೊಳೆದುಹೋಗಿದ್ದರೆ ಮತ್ತೆ ಹೊಡೆಸಬೇಕು, ಅಂಟು ಸೇರಿಸಿದರೆ ಒಳ್ಳೆಯದು, ಎರಡನೇ ಸಿಂಪಡಣೆ ಹೇಗೂ 40ರಿಂದ 45 ದಿನಕ್ಕೆ ಆಗಬೇಕು. ಇದು ಮೊದಲ ಕರೆಯ ಉತ್ತರದ ಮುಂದುವರಿಕೆಯೇ. ಇವೆರಡನ್ನೂ "ಬೋರ್ಡೋ ಹೊಡೆಯುವ ಸಮಯ, ಪ್ರಮಾಣ, ಮಳೆ" ಎಂಬ ಒಂದೇ ತಲೆಬರಹದ ಕೆಳಗೆ ಸೇರಿಸಿದರೆ ಯಾರಿಗೂ ತೊಂದರೆಯಿಲ್ಲ. ಒಬ್ಬರಿಗೆ ಹೇಳಿದ್ದು ಇನ್ನೊಬ್ಬರಿಗೂ ಸರಿಹೋಗುತ್ತದೆ.

ಗೊಬ್ಬರದ ಎರಡು ಕರೆಗಳು ಹಾಗಲ್ಲ. ಮೂರನೇ ಕರೆಯವರದು ನೆಟ್ಟು ಎರಡನೇ ವರ್ಷಕ್ಕೆ ಬಿದ್ದ ಸಸಿ. ಐದನೇ ಕರೆಯವರದು ಹನ್ನೆರಡು ವರ್ಷದ ಫಸಲಿನ ಮರ. ಇಬ್ಬರ ಪ್ರಶ್ನೆಯೂ ಒಂದೇ: "ಒಂದು ಗಿಡಕ್ಕೆ ಎಷ್ಟು ಗೊಬ್ಬರ ಹಾಕಬೇಕು ಸಾರ್?" ಫಸಲಿನ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬುದು ಅಡಿಕೆಗಿರುವ ಶಿಫಾರಸು. ಮೊದಲ ವರ್ಷದ ಸಸಿಗೆ ಅದರ ಮೂರನೇ ಒಂದು ಭಾಗ, ಎರಡನೇ ವರ್ಷ ಮೂರನೇ ಎರಡು ಭಾಗ, ಮೂರನೇ ವರ್ಷದಿಂದ ಪೂರ್ತಿ. ಪ್ರಶ್ನೆ ಒಂದೇ ಎಂದು ಎರಡನ್ನೂ ಕರಗಿಸಿ "ಅಡಿಕೆಗೆ 100, 40, 140" ಎಂದು ಬರೆದರೆ ಸಸಿ ಇರುವವರು ಒಂದೂವರೆ ಪಟ್ಟು ಹಾಕುತ್ತಾರೆ. ಇಬ್ಬರ ಸ್ಥಿತಿ ಬೇರೆಯಾಗಿ ಉತ್ತರವೂ ಬೇರೆಯಾಗಿದ್ದರೆ ತಲೆಬರಹ ಒಂದೇ ಇರಲಿ, ಉತ್ತರಗಳು ಬೇರೆ ಬೇರೆ ಸಾಲಿನಲ್ಲಿ ಇರಲಿ. ಸ್ಥಿತಿ ಬೇರೆಯಿದ್ದೂ ತಜ್ಞರು ಅದೇ ಉತ್ತರ ಕೊಟ್ಟಿದ್ದರೆ ಮಾತ್ರ ಕರಗಿಸಬಹುದು.

ಇದೇ ಉತ್ತರದಲ್ಲಿ ಇನ್ನೊಂದು ತಪ್ಪಿಗೆ ಜಾಗವಿದೆ. ತಜ್ಞರು ಹೇಳಿದ 100 ಗ್ರಾಂ ಸಾರಜನಕದ ತೂಕ, ಯೂರಿಯಾದ್ದಲ್ಲ. ಯೂರಿಯಾದಲ್ಲಿ ಸಾರಜನಕ ಇರುವುದು ನೂರಕ್ಕೆ 46 ಭಾಗ. ಆದ್ದರಿಂದ ಮರಕ್ಕೆ ಬೇಕಾದ ಯೂರಿಯಾ ಸುಮಾರು 220 ಗ್ರಾಂ. "ಸಾರಜನಕ ಅಂದ್ರೆ ಯೂರಿಯಾ ತಾನೇ" ಎಂದುಕೊಂಡು "ಯೂರಿಯಾ 100 ಗ್ರಾಂ" ಎಂದು ಬರೆದರೆ ಮರಕ್ಕೆ ಅರ್ಧಕ್ಕಿಂತ ಕಡಿಮೆ ಸಿಗುತ್ತದೆ. ತಜ್ಞರು ಯಾವುದನ್ನು ಹೇಳಿದರೋ ಅದನ್ನೇ ಬರೆಯಬೇಕು. ಓದುಗರಿಗೆ ಚೀಲದ ಲೆಕ್ಕ ಬೇಕೆನ್ನಿಸಿ ನಾವೇ ಪರಿವರ್ತಿಸಿದರೆ, ಆ ಲೆಕ್ಕ ಸಾರ ಬರೆದವರದು ಎಂದು ಪಕ್ಕದಲ್ಲಿ ಹೇಳಬೇಕು. ಹಿಡಿ, ಬೊಗಸೆ, ಬ್ಯಾರಲ್, ಕೊಡ ಇಂಥ ಅಳತೆಗಳಿಗೂ ಇದೇ ನಿಯಮ. ಕರೆ ಮಾಡಿದವರು "ಎರಡು ಹಿಡಿ" ಎಂದಿದ್ದರೆ ಎರಡು ಹಿಡಿ ಎಂದೇ ಬರೆಯಬೇಕು. ಒಬ್ಬರ ಹಿಡಿ ಎಷ್ಟು ಗ್ರಾಂ ಎಂಬುದು ಧ್ವನಿಮುದ್ರಣದಲ್ಲಿ ಇರುವುದಿಲ್ಲ.

ಉತ್ತರವಿಲ್ಲದ ಕರೆಗಳು

ಪ್ರತಿ ಪ್ರಶ್ನೆಯ ಎದುರೂ ಒಂದು ಉತ್ತರ ಇರಲೇಬೇಕು ಎಂಬ ಆಸೆ ಸಾರ ಬರೆಯುವವರನ್ನು ಹಾದಿ ತಪ್ಪಿಸುತ್ತದೆ. ಎರಡನೇ ಕರೆಯನ್ನು ನೋಡಿ. "ಮರದ ಎಲೆ ಎಲ್ಲಾ ಹಳದಿ ಆಗ್ತಿದೆ ಸಾರ್, ಇದು ಹಳದಿ ಎಲೆ ರೋಗಾನಾ, ಏನು ಹೊಡೀಬೇಕು?" ತಜ್ಞರು ಕೇಳುತ್ತಾರೆ: ಹಳದಿ ಯಾವ ಎಲೆಯಿಂದ ಶುರುವಾಯಿತು, ಕೆಳಗಿನದೋ ಸುಳಿಯ ಕಡೆಯದೋ? ಎಲೆಯ ತುದಿಯಿಂದಲೋ ಇಡೀ ಎಲೆಯೋ? ಎಲೆ ಮೇಲೆ ಚುಕ್ಕೆ ಇದೆಯೇ? ತೋಟದಲ್ಲಿ ನೀರು ನಿಲ್ಲುತ್ತದೆಯೇ? ಅಡಿಕೆ ಒಡೆದರೆ ಒಳಗೆ ಬಣ್ಣ ಕೆಟ್ಟಿದೆಯೇ? ಕರೆ ಮಾಡಿದವರು ಮಳೆಗಾಲದಲ್ಲಿ ನೀರು ನಿಲ್ಲುತ್ತದೆ ಎಂದಷ್ಟೇ ಖಚಿತವಾಗಿ ಹೇಳಬಲ್ಲರು. ಉಳಿದದ್ದನ್ನು ಸರಿಯಾಗಿ ನೋಡಿಲ್ಲ.

ತಜ್ಞರ ಮಾತು ಹೀಗೆ ಮುಗಿಯುತ್ತದೆ: ಬಸಿಗಾಲುವೆ ಮುಚ್ಚಿಹೋಗಿದ್ದರೆ ಮೊದಲು ಅದನ್ನು ತೆರೆಯಿರಿ, ಬೇರಿಗೆ ನೀರು ನಿಂತರೂ ಎಲೆ ಹಳದಿಯಾಗುತ್ತದೆ. ಹಳದಿ ಎಲೆ ರೋಗವೇ ಆಗಿದ್ದರೆ ಅದಕ್ಕೆ ಹೊಡೆದು ಗುಣಪಡಿಸುವ ಔಷಧಿ ಇಲ್ಲ. ಎಲೆ, ಅಡಿಕೆ ತಂದು ತೋರಿಸಿದ ಮೇಲೆ ಹೇಳಬಹುದು.

ಇದರ ಸಾರ ಬರೆಯುವಾಗ "ಹಳದಿ ಎಲೆ ರೋಗಕ್ಕೆ ಬಸಿಗಾಲುವೆ ತೆಗೆಯಿರಿ" ಎಂದರೆ ತಜ್ಞರು ಹೇಳದ ಮಾತನ್ನು ಅವರ ಬಾಯಿಗೆ ತುರುಕಿದಂತೆ. ಅವರು ರೋಗವನ್ನು ಗುರುತಿಸಲೇ ಇಲ್ಲ. ಸಾರದ ಉತ್ತರ ಹೀಗಿರಬೇಕು: *ದೂರವಾಣಿಯಲ್ಲಿ ಕಾರಣ ಗುರುತಿಸಲಾಗಲಿಲ್ಲ. ನೀರು ನಿಲ್ಲುತ್ತಿರುವುದರಿಂದ ಮೊದಲು ಬಸಿಗಾಲುವೆ ಸರಿಪಡಿಸಲು ಸಲಹೆ. ನೋಡಿ ತಿಳಿಯಬೇಕಾದವು: ಹಳದಿ ಯಾವ ಎಲೆಯಿಂದ ಮತ್ತು ಎಲೆಯ ಯಾವ ಭಾಗದಿಂದ ಶುರುವಾಗಿದೆ, ಚುಕ್ಕೆ ಇದೆಯೇ, ಅಡಿಕೆಯ ಒಳಗಿನ ಬಣ್ಣ. ಹಳದಿ ಎಲೆ ರೋಗವಾದರೆ ಗುಣಪಡಿಸುವ ಔಷಧಿಯಿಲ್ಲ. ಎಲೆ ಮತ್ತು ಕಾಯಿಯ ಮಾದರಿ ತೋರಿಸಲು ಹೇಳಿದ್ದಾರೆ.* ಇಲ್ಲಿ ಓದುಗರಿಗೆ ಹೆಚ್ಚು ಬೇಕಾದದ್ದು ತಜ್ಞರ ಮರುಪ್ರಶ್ನೆಗಳ ಪಟ್ಟಿ. ತನ್ನ ತೋಟದಲ್ಲೂ ಎಲೆ ಹಳದಿಯಾಗಿರುವ ರೈತ ಅವನ್ನು ನೋಡಿಕೊಂಡು ಹೋದರೆ, ತೋಟಗಾರಿಕೆ ಕಚೇರಿಯಲ್ಲಿ ಮೊದಲ ಭೇಟಿಗೇ ಉತ್ತರ ಸಿಗಬಹುದು.

ಆರನೇ ಕರೆ ನಡುವೆಯೇ ಕಡಿದುಹೋಯಿತು. ಹಿಂಗಾರ ಒಣಗುತ್ತದೆ ಎಂದಷ್ಟೇ ಕೇಳಿತು. ತಜ್ಞರು ಹಿಂಗಾರ ಒಣಗಲು ಇರುವ ಕಾರಣಗಳನ್ನು ಒಂದು ನಿಮಿಷ ಸಾಮಾನ್ಯವಾಗಿ ಹೇಳಿ ಮುಂದಿನ ಕರೆಗೆ ಹೋದರು. ಆ ಒಂದು ನಿಮಿಷವನ್ನು ಉತ್ತರ ಎನ್ನದೆ "ಕರೆ ಕಡಿತ, ಸಾಮಾನ್ಯ ಮಾಹಿತಿ" ಎಂದು ಗುರುತಿಸಬೇಕು. ಏಳನೆಯವರು ಕೇಳಿದ್ದು ಬೆಳೆ ವಿಮೆಯ ಬಗ್ಗೆ. ತಜ್ಞರು ಅದು ತಮ್ಮ ವಿಷಯವಲ್ಲ, ತೋಟಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ ಎಂದರು. ಅದನ್ನೂ ಹಾಗೆಯೇ ಬರೆಯಬೇಕು. ಇಂಥ ಕರೆಗಳನ್ನು ಬಿಟ್ಟುಬಿಟ್ಟರೆ ಸಾರ ಅಚ್ಚುಕಟ್ಟಾಗಿ ಕಾಣುವುದು ನಿಜ. ಆದರೆ ಮುಂದಿನ ವಾರದ ಕಾರ್ಯಕ್ರಮಕ್ಕೆ ಯಾವ ತಜ್ಞರನ್ನು ಕರೆಸಬೇಕು ಎಂದು ಯೋಚಿಸುವ ಆಕಾಶವಾಣಿಯವರಿಗೆ ಸುಳಿವು ಸಿಗುವುದು ಉತ್ತರವಿಲ್ಲದೆ ಉಳಿದ ಆ ಸಾಲುಗಳಲ್ಲೇ.

ಹೆಸರು ಬೇಡ, ಊರಿನ ಮಳೆ ಬೇಕು

ಕರೆ ಮಾಡುವವರು ಹೆಸರು, ಊರು ಹೇಳಿಯೇ ಮಾತು ಶುರುಮಾಡುತ್ತಾರೆ. ಪ್ರಸಾರದಲ್ಲಿ ಅದು ಒಂದು ಕ್ಷಣ ಕೇಳಿ ಮರೆತುಹೋಗುತ್ತದೆ. ಗೋಡೆಯ ಮೇಲಿನ ಹಾಳೆಯಲ್ಲಿ ಅದು ತಿಂಗಳುಗಟ್ಟಲೆ ಉಳಿಯುತ್ತದೆ. ವಾಟ್ಸಾಪಿನಲ್ಲಂತೂ ಯಾರ ಕೈ ಸೇರುತ್ತದೆ ಎಂಬ ಲೆಕ್ಕವಿಲ್ಲ. ಔಷಧಿಯನ್ನು ಅರ್ಧ ಶಕ್ತಿಗೆ ಬೆರೆಸಿದವರು ಇಂಥ ಊರಿನ ಇಂಥವರು ಎಂದು ಬರೆಯುವುದರಿಂದ ಓದುಗರಿಗೆ ಯಾವ ಲಾಭವೂ ಇಲ್ಲ. ಆರೋಗ್ಯದ ಫೋನ್-ಇನ್ ಆಗಿದ್ದರೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಅಲ್ಲಿ ಹೆಸರು ಬಿಟ್ಟರೂ ಊರು, ವಯಸ್ಸು, ಕಾಯಿಲೆ ಮೂರೂ ಒಟ್ಟಿಗೆ ಇದ್ದರೆ ಯಾರೆಂದು ಅಕ್ಕಪಕ್ಕದವರಿಗೆ ತಿಳಿದುಬಿಡುತ್ತದೆ.

ಹಾಗೆಂದು ಜಾಗವನ್ನು ಪೂರ್ತಿ ಅಳಿಸಿದರೆ ಉತ್ತರವೇ ಕುಂಟುತ್ತದೆ. ತೀರ್ಥಹಳ್ಳಿಯ ಮಳೆಗೆ ಹೇಳಿದ ಸಿಂಪಡಣೆಯ ಕಾಲ ಮಳೆ ಕಡಿಮೆಯಿರುವ ಚನ್ನಗಿರಿ ಕಡೆಯ ತೋಟಕ್ಕೆ ಹಾಗೇ ಹೊಂದುವುದಿಲ್ಲ. ಆದ್ದರಿಂದ ಹೆಸರು, ಹಳ್ಳಿ ಬಿಟ್ಟು "ಮಲೆನಾಡು, ಹೆಚ್ಚು ಮಳೆಯ ಪ್ರದೇಶ" ಎಂದು ಸ್ಥಿತಿಯ ಸಾಲಿನಲ್ಲಿ ಬರೆದರೆ ಎರಡೂ ಉದ್ದೇಶ ಈಡೇರುತ್ತದೆ.

ಒಪ್ಪಿಸುವ ಮೊದಲು

ಸಾರ ಸರಿಯಾಗಿದೆಯೇ ಎಂದು ತಿಳಿಯಲು ಎರಡು ಪರೀಕ್ಷೆ ಸಾಕು. ಮೊದಲನೆಯದು ಹಿಂದಕ್ಕೆ ಹೋಗುವುದು. ಹಾಳೆಯ ಯಾವುದೇ ಒಂದು ವಾಕ್ಯದ ಮೇಲೆ ಬೆರಳಿಟ್ಟು, ಇದು ಎಷ್ಟನೇ ನಿಮಿಷದಲ್ಲಿದೆ ಎಂದು ಕೇಳಿಕೊಳ್ಳಬೇಕು. ತೋರಿಸಲು ಬಾರದ ವಾಕ್ಯ ಬರೆದವರ ಸ್ವಂತ ತಿಳಿವಳಿಕೆಯಿಂದ ನುಸುಳಿದ್ದು. ಅಡಿಕೆ ಬೆಳೆಯುವವರೇ ಸಾರ ಬರೆಯಲು ಕೂತರೆ ಇಂಥ ವಾಕ್ಯಗಳು ಹೆಚ್ಚು ನುಸುಳುತ್ತವೆ; ವಿಷಯ ಗೊತ್ತಿರುವುದರಿಂದ ತಜ್ಞರು ಹೇಳದೆ ಬಿಟ್ಟದ್ದನ್ನೂ ಅವರೇ ಹೇಳಿದಂತೆ ತುಂಬಿಸಿಬಿಡುತ್ತಾರೆ.

ಎರಡನೆಯದು ಕಾರ್ಯಕ್ರಮ ಕೇಳದ ಒಬ್ಬ ಬೆಳೆಗಾರರಿಗೆ ಹಾಳೆಯನ್ನು ಕೊಟ್ಟು, "ಈಗ ನೀವು ಏನು ಮಾಡ್ತೀರಿ?" ಎಂದು ಕೇಳುವುದು. ಅರ್ಥವಾಯಿತೇ ಎಂದು ಕೇಳಿದರೆ ಎಲ್ಲರೂ ಹೌದು ಎನ್ನುತ್ತಾರೆ. ಏನು ಮಾಡುತ್ತೀರಿ ಎಂದರೆ ಬಾಯಲ್ಲಿ ಲೆಕ್ಕ ಬರಬೇಕಾಗುತ್ತದೆ. "ನಂದು ಇನ್ನೂರರ ಬ್ಯಾರಲ್, ಹಾಗಾದ್ರೆ ಎರಡು ಕೆಜಿ ತುತ್ತ, ಎರಡು ಕೆಜಿ ಸುಣ್ಣ" ಎಂದರೆ ಸಾರ ಸರಿಯಾಗಿದೆ. "ಬ್ಯಾರಲ್‌ಗೆ ಒಂದೊಂದು ಕೆಜಿ" ಎಂದರೆ ನಾವು ಬರೆದದ್ದರಲ್ಲಿ ಲೀಟರಿನ ಮಾತು ಎಲ್ಲೋ ಹಿಂದೆ ಬಿದ್ದಿದೆ ಎಂದರ್ಥ. ಆಗ ವಾಕ್ಯದ ಮೊದಲಲ್ಲೇ "100 ಲೀಟರ್ ನೀರಿಗೆ" ಎಂದು ತರಬೇಕು.

ಇಷ್ಟಾದ ಮೇಲೆ ಅಂಕಿಗಳಿರುವ ಸಾಲುಗಳನ್ನಷ್ಟೇ ತಜ್ಞರಿಗೆ ಓದಿ ಹೇಳಿ ಒಪ್ಪಿಗೆ ಪಡೆಯಬಹುದು. ಇಡೀ ಹಾಳೆ ಕಳಿಸಿದರೆ ಅವರಿಗೆ ಓದಲು ಪುರುಸೊತ್ತಾಗುವುದಿಲ್ಲ. ಐದಾರು ಅಂಕಿಗಳಿಗೆ ಎರಡು ನಿಮಿಷ ಸಾಕು. ನೇರ ಪ್ರಸಾರದಲ್ಲಿ ಬಾಯಿತಪ್ಪಿ ಬಂದ ಅಂಕಿಯನ್ನು ಅವರು ತಿದ್ದಿದರೆ, ಸಾರದಲ್ಲಿ ತಿದ್ದಿದ ಅಂಕಿಯನ್ನೇ ಹಾಕಿ "ಪ್ರಸಾರದ ನಂತರ ತಜ್ಞರು ತಿದ್ದಿದ್ದು" ಎಂದು ಬರೆಯಬೇಕು. ಇಲ್ಲದಿದ್ದರೆ ಕಾರ್ಯಕ್ರಮವನ್ನು ಕೇಳಿದ ರೈತನಿಗೆ ಹಾಳೆಯದೇ ತಪ್ಪು ಎಂದು ಕಾಣುತ್ತದೆ.

ಹಾಳೆಯ ನೆತ್ತಿಯ ಮೇಲೆ ಪ್ರಸಾರವಾದ ದಿನಾಂಕ, ಕೇಂದ್ರ, ತಜ್ಞರ ಹುದ್ದೆ ಇರಬೇಕು. ಜೂನ್‌ನಲ್ಲಿ ಕೊಟ್ಟ ಸಿಂಪಡಣೆಯ ಸಲಹೆಯನ್ನು ಸೆಪ್ಟೆಂಬರ್‌ನಲ್ಲಿ ಓದಿದವರು ಅದು ಯಾವ ಹಂತದ ಮಾತು ಎಂದು ತಿಳಿಯುವುದು ಆ ದಿನಾಂಕದಿಂದಲೇ. ಅದರ ಕೆಳಗೆ ವಿಷಯಗಳ ಪಟ್ಟಿ, ಪ್ರತಿ ವಿಷಯದಡಿ ರೈತರ ಮಾತಿಗೆ ಹತ್ತಿರವಾದ ಪ್ರಶ್ನೆ, ಅವರ ಸ್ಥಿತಿ, ಉತ್ತರ, ಕೊನೆಗೆ ನಿಮಿಷದ ಗುರುತು. ಅರ್ಧ ಗಂಟೆಯ ಕಾರ್ಯಕ್ರಮ ಹೀಗೆ ಬರೆದರೆ ಎರಡು ಪುಟಕ್ಕೆ ಬರುತ್ತದೆ. ಇನ್ನೂ ಚಿಕ್ಕದಾಗಬೇಕು ಎಂದರೆ ಕರೆಯೊಂದನ್ನು ಪೂರ್ತಿ ಬಿಡಬಹುದು, ಬಿಟ್ಟದ್ದನ್ನು ಕೊನೆಯಲ್ಲಿ ಒಂದು ಸಾಲಿನಲ್ಲಿ ಹೇಳಬಹುದು. ಉಳಿಸಿಕೊಂಡ ಕರೆಯಿಂದ ಸ್ಥಿತಿಯ ಸಾಲನ್ನು ಮಾತ್ರ ತೆಗೆಯಬಾರದು. ಯಾವ ತೋಟಕ್ಕೆ ಹೇಳಿದ್ದು ಎಂದು ತಿಳಿಯದ ಉತ್ತರವನ್ನು ಓದುಗ ತನ್ನ ತೋಟಕ್ಕೇ ಹೇಳಿದ್ದೆಂದು ಭಾವಿಸಿ ಔಷಧಿ ಬೆರೆಸುತ್ತಾನೆ.